ಆಯಿಲ್ ಫಿಲ್ಟರ್: ಕಾಗದವೋ ಸಿಂಥೆಟಿಕ್ಕೋ? ಅದಕ್ಕೂ ಮೊದಲು ಬೈಪಾಸ್ ನೋಡಿ!

ಕಬ್ಬಿನ ಹಂಗಾಮು ಶುರುವಾಯ್ತು ಅಂದ್ರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕಿನ ರಸ್ತೆಗಳು ಟ್ರ್ಯಾಕ್ಟರ್‌ಗಳ ಪಾಲು. ಹಿಂದೆ ಎರಡೆರಡು ಟ್ರೇಲರ್, ಅದರ ಮೇಲೆ ಆಳೆತ್ತರದ ಕಬ್ಬು. ಹೊಲದ ಕೆಸರಿನಿಂದ ಕಿತ್ತುಕೊಂಡು ಬರೋವಾಗ ಎಂಜಿನ್‌ಗೆ ಮೈಮುರಿಯುವ ಕೆಲಸ. ಕಾರ್ಖಾನೆ ಮುಂದೆ ಸರದಿಯಲ್ಲಿ ನಿಂತಾಗ ಗಂಟೆಗಟ್ಟಲೆ ಸುಮ್ಮನೆ ಗುಡುಗುಡು. ನಸುಕಿನ ಚಳಿಯಲ್ಲಿ ಮತ್ತೆ ಸ್ಟಾರ್ಟ್. ಈ ಮೂರೂ ಪರಿಸ್ಥಿತಿಯಲ್ಲಿ ಎಂಜಿನ್ ಆಯಿಲ್ ನಡೆದುಕೊಳ್ಳುವ ರೀತಿ ಬೇರೆ ಬೇರೆ. ಮೂರನ್ನೂ ನಿಭಾಯಿಸಬೇಕಾದದ್ದು ಮಾತ್ರ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ತಗಡಿನ ಡಬ್ಬಿ.

ಊರಲ್ಲಿ ಅಪ್ಪ ಟ್ರ್ಯಾಕ್ಟರ್ ನಡೆಸ್ತಾರೆ, ಮಗ ಅಥವಾ ಮಗಳು ಪುಣೆಯಲ್ಲೋ ಬೆಂಗಳೂರಲ್ಲೋ ಕೆಲಸದಲ್ಲಿದ್ದಾರೆ. ಇದು ನಮ್ಮ ಕಡೆ ಮನೆಮನೆಯ ಕಥೆ. ಮೊದಲೆಲ್ಲ ಫಿಲ್ಟರ್ ಬೇಕಂದ್ರೆ ಕೊಲ್ಹಾಪುರಕ್ಕೋ ಮೀರಜ್‌ಗೋ ಹೋಗುವವರ ಕೈಯಲ್ಲಿ ಹಳೇ ಡಬ್ಬಿ ಕೊಟ್ಟು ಕಳಿಸ್ತಿದ್ರು. ಈಗ ‘ಆಯಿಲ್ ಫಿಲ್ಟರ್ ಆರ್ಡರ್ ಮಾಡಿಬಿಡು’ ಅಂತ ಮನೆಯಿಂದ ಫೋನ್ ಬರುತ್ತೆ. ಮೊಬೈಲ್‌ನಲ್ಲಿ ಹುಡುಕಿದರೆ ಒಂದೇ ಥರ ಕಾಣುವ ಹತ್ತಾರು ಡಬ್ಬಿಗಳು. ಕೆಲವದರ ಮೇಲೆ ‘ಸಿಂಥೆಟಿಕ್’ ಅಂತ ದೊಡ್ಡಕ್ಷರ, ಬೆಲೆಯೂ ಜಾಸ್ತಿ. ಜಾಸ್ತಿ ದುಡ್ಡು ಕೊಟ್ಟರೆ ಅಪ್ಪನ ಎಂಜಿನ್‌ಗೆ ಒಳ್ಳೇದು ಅಂತ ಯಾರಿಗಾದ್ರೂ ಅನ್ನಿಸುತ್ತೆ.

ಆದ್ರೆ ಲೆಕ್ಕ ಹಾಗಿಲ್ಲ. ಎಂಜಿನ್‌ಗೆ ಹೊಂದದ ಸಿಂಥೆಟಿಕ್ ಫಿಲ್ಟರ್‌ಗಿಂತ ಸರಿಯಾಗಿ ಹೊಂದುವ ಕಾಗದದ ಫಿಲ್ಟರ್ ಎಷ್ಟೋ ಮೇಲು. ಹೊಂದುತ್ತದೋ ಇಲ್ಲವೋ ಅನ್ನೋದು ಎರಡು ವಿಷಯದ ಮೇಲೆ ನಿಂತಿದೆ: ಒಳಗಿನ ಬೈಪಾಸ್ ವಾಲ್ವ್ ಮತ್ತು ಡಬ್ಬಿಯ ಅಳತೆ.

ಒಳಗೆ ಏನಿರುತ್ತೆ?

ಹಳೇ ಫಿಲ್ಟರ್ ಕತ್ತರಿಸಿ ನೋಡಿದರೆ ಬೀಸಣಿಗೆಯಂತೆ ಮಡಿಚಿದ ಹಾಳೆ ಸಿಗುತ್ತೆ. ಅದರ ನಡುವೆ ತೂತುಗಳಿರುವ ಒಂದು ಕೊಳವೆ. ಡಬ್ಬಿಯ ಬಾಯಿಯ ಸುತ್ತ ಇರುವ ಸಣ್ಣ ತೂತುಗಳಿಂದ ಆಯಿಲ್ ಒಳಗೆ ಬರುತ್ತೆ, ಹಾಳೆಯನ್ನು ಹೊರಗಿನಿಂದ ಒಳಕ್ಕೆ ದಾಟುತ್ತೆ, ನಡುವಿನ ದೊಡ್ಡ ತೂತಿನಿಂದ ಎಂಜಿನ್‌ಗೆ ಹೋಗುತ್ತೆ.

ಕಾಗದದ ಹಾಳೆ ಅಂದ್ರೆ ನೋಟ್‌ಬುಕ್ ಕಾಗದವಲ್ಲ. ಮರದ ನಾರಿಗೆ ರಾಳ ಉಣಿಸಿ ಗಟ್ಟಿ ಮಾಡಿದ್ದು. ಈ ನಾರುಗಳು ದಪ್ಪ, ಒಂದೊಂದು ಒಂದೊಂದು ಆಕಾರ. ಹಾಗಾಗಿ ನಡುವಿನ ಸಂದುಗಳೂ ಹೆಚ್ಚುಕಮ್ಮಿ. ಸಿಂಥೆಟಿಕ್ ಹಾಳೆಯಲ್ಲಿರೋದು ಗಾಜಿನ ಅಥವಾ ಪಾಲಿಯೆಸ್ಟರ್‌ನ ಬಹಳ ತೆಳುವಾದ, ಒಂದೇ ಸಮನಾದ ಎಳೆಗಳು. ಎಳೆ ತೆಳುವಾದಷ್ಟೂ ನಡುವೆ ಖಾಲಿ ಜಾಗ ಜಾಸ್ತಿ. ಅದಕ್ಕೇ ಅದು ಸಣ್ಣ ಕಣವನ್ನೂ ಹಿಡಿಯುತ್ತೆ, ಹೆಚ್ಚು ಕಸ ತುಂಬಿಕೊಳ್ಳುತ್ತೆ, ಆಯಿಲ್‌ಗೆ ಅಡ್ಡಿಯನ್ನೂ ಕಡಿಮೆ ಮಾಡುತ್ತೆ. ಎರಡನ್ನೂ ಬೆರೆಸಿದ ಹಾಳೆಗಳೂ ಇವೆ. ಪೆಟ್ಟಿಗೆಯ ಮೇಲೆ ‘ಸಿಂಥೆಟಿಕ್ ಬ್ಲೆಂಡ್’ ಅಂತಿದ್ದರೆ ಅದು ಬೆರಕೆ ಹಾಳೆ.

ಯಾವ ಕಣ ಹಿಡಿಯಬೇಕು? ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬೇರಿಂಗ್ ಮತ್ತು ಶಾಫ್ಟ್ ನಡುವಿನ ಆಯಿಲ್ ಪದರ ಕೆಲಸದ ಹೊತ್ತಿನಲ್ಲಿ ಬರೀ ಕೆಲವೇ ಮೈಕ್ರಾನ್. ಅದರ ನಡುವೆ ಸಿಕ್ಕಿ ಉಜ್ಜುವ 5ರಿಂದ 20 ಮೈಕ್ರಾನ್ ಧೂಳು ಮತ್ತು ಲೋಹದ ಪುಡಿಯೇ ಹೆಚ್ಚು ಸವೆತ ತರೋದು. ಒಳ್ಳೇ ಸಿಂಥೆಟಿಕ್ ಫಿಲ್ಟರ್ 20 ಮೈಕ್ರಾನ್‌ನ ಕಣಗಳಲ್ಲಿ ನೂರಕ್ಕೆ 99ನ್ನು ಒಂದೇ ಸುತ್ತಿನಲ್ಲಿ ಹಿಡಿಯಬಲ್ಲದು. ಸಾಮಾನ್ಯ ಕಾಗದ ಇದಕ್ಕಿಂತ ಕಡಿಮೆ ಹಿಡಿಯುತ್ತೆ. ಆದ್ರೆ ಅದೇ ಆಯಿಲ್ ನಿಮಿಷಕ್ಕೆ ಹಲವು ಬಾರಿ ಫಿಲ್ಟರ್ ದಾಟುವುದರಿಂದ ಉಳಿದದ್ದು ಮುಂದಿನ ಸುತ್ತುಗಳಲ್ಲಿ ಸಿಕ್ಕಿಬೀಳುತ್ತಾ ಹೋಗುತ್ತೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ‘ಆಯಿಲ್ ಬೇಗ ಕಪ್ಪಾಯ್ತು, ಫಿಲ್ಟರ್ ಡುಪ್ಲಿಕೇಟ್ ಇರಬೇಕು’ ಅಂತಾರೆ. ಡೀಸೆಲ್ ಎಂಜಿನ್‌ನ ಮಸಿಕಣ ಒಂದು ಮೈಕ್ರಾನ್‌ಗಿಂತಲೂ ಸಣ್ಣದು. ಅದನ್ನು ಕಾಗದವೂ ಹಿಡಿಯಲ್ಲ, ಸಿಂಥೆಟಿಕ್ಕೂ ಹಿಡಿಯಲ್ಲ. ಆಯಿಲ್ ಕಪ್ಪಾಗೋದು ಅದು ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡಿದೆ ಅನ್ನೋದರ ಗುರುತು ಅಷ್ಟೇ. ಬಣ್ಣ ನೋಡಿ ಫಿಲ್ಟರ್ ಅಳೆಯೋಕಾಗಲ್ಲ.

ಬೈಪಾಸ್ ವಾಲ್ವ್ ಯಾಕೆ ಬೇಕು?

ಫಿಲ್ಟರ್ ಕಟ್ಟಿಕೊಂಡರೆ ಅಥವಾ ಆಯಿಲ್ ಚಳಿಗೆ ಜೇನಿನಂತೆ ಗಟ್ಟಿಯಾದರೆ ಹಾಳೆ ದಾಟೋದು ಕಷ್ಟ. ಆಗ ಎಂಜಿನ್‌ಗೆ ಆಯಿಲ್ಲೇ ಸಿಗದೆ ಬೇರಿಂಗ್ ಒಣಗುತ್ತೆ. ಕೊಳೆ ಆಯಿಲ್ ಆದ್ರೂ ಪರವಾಗಿಲ್ಲ, ಆಯಿಲ್ ಇಲ್ಲದಿದ್ದರೆ ಮಾತ್ರ ಎಂಜಿನ್ ಉಳಿಯಲ್ಲ. ಅದಕ್ಕೇ ಸ್ಪ್ರಿಂಗ್ ಇರುವ ಒಂದು ಸಣ್ಣ ಬಾಗಿಲು ಇಟ್ಟಿರ್ತಾರೆ. ಹಾಳೆಯ ಆಚೆ ಈಚೆಯ ಒತ್ತಡದ ವ್ಯತ್ಯಾಸ ಒಂದು ಮಿತಿ ದಾಟಿದಾಗ ಅದು ತೆರೆದುಕೊಳ್ಳುತ್ತೆ. ಆಯಿಲ್ ಸೋಸದೇ ನೇರ ಎಂಜಿನ್‌ಗೆ ಹೋಗುತ್ತೆ.

ಈ ಮಿತಿ ಎಲ್ಲಾ ಫಿಲ್ಟರ್‌ನಲ್ಲೂ ಒಂದೇ ಅಲ್ಲ. ಹೆಚ್ಚಿನವುಗಳಲ್ಲಿ 0.55ರಿಂದ 1 ಬಾರ್ ಇರುತ್ತೆ. ಕೆಲವು ಎಂಜಿನ್‌ಗಳಿಗೆ ಅದಕ್ಕಿಂತ ಜಾಸ್ತಿ ಬೇಕು. ಗ್ಯಾರೇಜ್ ಭಾಷೆಯಲ್ಲಿ ಒಂದು ಬಾರ್ ಅಂದ್ರೆ ಹೆಚ್ಚುಕಮ್ಮಿ ಒಂದು ಕೆಜಿ ಪ್ರೆಶರ್. ಹೊರಗಿನಿಂದ ನೋಡಿದರೆ 0.55ರದ್ದೂ 1 ಬಾರ್‌ದೂ ಒಂದೇ ಡಬ್ಬಿ, ಒಂದೇ ಬಣ್ಣ, ಒಂದೇ ಥ್ರೆಡ್. ಎಡವಟ್ಟು ಆಗೋದೇ ಇಲ್ಲಿ.

ಆನ್‌ಲೈನ್‌ನಲ್ಲಿ ‘ಬೈಪಾಸ್ ಫಿಲ್ಟರ್’ ಅಂತ ಬೇರೆ ಸರಕೂ ಕಾಣುತ್ತೆ. ಅದು ಸ್ವಲ್ಪವೇ ಆಯಿಲನ್ನು ಪಕ್ಕಕ್ಕೆ ತೆಗೆದು ನಿಧಾನವಾಗಿ ಸೋಸುವ ಹೆಚ್ಚುವರಿ ಫಿಲ್ಟರ್. ಬೈಪಾಸ್ ವಾಲ್ವ್‌ಗೂ ಅದಕ್ಕೂ ಸಂಬಂಧವಿಲ್ಲ.

ಜನವರಿಯ ಒಂದು ನಸುಕು, ಒಂದು ಲೆಕ್ಕ

ಒಂದು ಉದಾಹರಣೆ ಹಿಡಿದು ಲೆಕ್ಕ ಮಾಡೋಣ. ಅಂಕಿಗಳು ತಿಳಿಯಲಿಕ್ಕೆ ಅಂತ ಇಟ್ಟುಕೊಂಡದ್ದು. ನಿಮ್ಮ ಎಂಜಿನ್‌ದು ಸ್ವಲ್ಪ ಬೇರೆ ಇರಬಹುದು, ಆದ್ರೆ ಲೆಕ್ಕದ ದಾರಿ ಇದೇ.

ಟ್ರ್ಯಾಕ್ಟರ್‌ನಲ್ಲಿ 15ಡಬ್ಲ್ಯು-40 ಆಯಿಲ್ ಇದೆ. ಆಯಿಲ್ 100 ಡಿಗ್ರಿ ಬಿಸಿ ಇದ್ದಾಗ, ಪೂರ್ತಿ ರೇಸ್‌ನಲ್ಲಿ ಪಂಪ್ ನಿಮಿಷಕ್ಕೆ 36 ಲೀಟರ್ ತಳ್ಳುತ್ತೆ. ಆಗ ಹೊಸ ಕಾಗದದ ಫಿಲ್ಟರ್ ಒಡ್ಡುವ ಅಡ್ಡಿ 0.1 ಬಾರ್ ಅಂದುಕೊಳ್ಳಿ. ಅಂದ್ರೆ ಏನೂ ಅಲ್ಲ, ಬಾಗಿಲು ಗಟ್ಟಿಯಾಗಿ ಮುಚ್ಚಿದೆ.

ಈಗ ಜನವರಿ ನಸುಕು, ಅಂಗಳದಲ್ಲಿ 15 ಡಿಗ್ರಿ. ಈ ಆಯಿಲ್ ಆಗ 100 ಡಿಗ್ರಿಯಲ್ಲಿ ಇದ್ದದ್ದಕ್ಕಿಂತ ಸುಮಾರು 30 ಪಟ್ಟು ಗಟ್ಟಿ. ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಟ್ಟರೆ ಪಂಪ್ ತಳ್ಳೋದು ಮೂರನೇ ಒಂದು ಭಾಗ, ಅಂದ್ರೆ 12 ಲೀಟರ್. ಅಡ್ಡಿ 30 ಪಟ್ಟು ಏರಿ, ಹರಿವು ಮೂರರಲ್ಲೊಂದಾಗಿ, ಒತ್ತಡದ ವ್ಯತ್ಯಾಸ 1 ಬಾರ್ ಆಯ್ತು. 1 ಬಾರ್‌ನ ವಾಲ್ವ್ ಇದ್ದರೆ ಬಾಗಿಲು ತೆರೆಯುವ ಅಂಚಿನಲ್ಲಿದೆ. 0.55ರ ವಾಲ್ವ್ ಇದ್ದರೆ ತೆರೆದಾಯ್ತು. ಆಯಿಲ್ ಸುಮಾರು 25 ಡಿಗ್ರಿಗೆ ಬರೋವರೆಗೂ ಅದು ಪೂರ್ತಿ ಮುಚ್ಚಲ್ಲ. ಐಡ್ಲಿಂಗ್‌ನಲ್ಲಿ ಇದು ಕೆಲವು ನಿಮಿಷದ ಮಾತು, ದೊಡ್ಡ ತೊಂದರೆಯಲ್ಲ.

ತೊಂದರೆ ಇರೋದು ಮುಂದೆ. ಫಿಲ್ಟರ್ ಅರ್ಧ ಹಂಗಾಮು ಕಳೆದಿದೆ, ಕಸ ತುಂಬಿ ಅಡ್ಡಿ ದುಪ್ಪಟ್ಟಾಗಿದೆ. ಚಾಲಕ ಸ್ಟಾರ್ಟ್ ಮಾಡಿದವನೇ ಗೇರ್ ಹಾಕಿ ಪೂರ್ತಿ ರೇಸ್ ಕೊಟ್ಟು ಹೊಲದಿಂದ ಟ್ರೇಲರ್ ಎಳೆಯೋಕೆ ಶುರು ಮಾಡಿದ. ಇದೇ ಲೆಕ್ಕದಲ್ಲಿ 1 ಬಾರ್ ವಾಲ್ವ್ ಇದ್ದರೆ ಆಯಿಲ್ 50 ಡಿಗ್ರಿ ತಲುಪೋವರೆಗೂ ಬಾಗಿಲು ತೆರೆದಿರುತ್ತೆ. 0.55ರದ್ದಾದರೆ 65 ಡಿಗ್ರಿವರೆಗೂ. ಎಂಜಿನ್ ಮೇಲೆ ಅತಿ ಹೆಚ್ಚು ಭಾರ ಬೀಳುವ ಆ ಹೊತ್ತಿನಲ್ಲೇ ಒಂದಷ್ಟು ಆಯಿಲ್ ಸೋಸದೇ ಬೇರಿಂಗ್‌ಗೆ ಹೋಗ್ತಿದೆ. ದಿನಾ ಬೆಳಗ್ಗೆ ಹೀಗೇ ಆದ್ರೆ, ಒಳಗಿನ ಹಾಳೆ ಎಷ್ಟೇ ದುಬಾರಿಯದಾಗಿರಲಿ, ಅದನ್ನು ದಾಟದೇ ಹೋಗುವ ಆಯಿಲ್‌ಗೆ ಅದರಿಂದ ಏನು ಪ್ರಯೋಜನ?

ಹಾಗಂತ ವಾಲ್ವ್ ಗಟ್ಟಿ ಇದ್ದಷ್ಟೂ ಒಳ್ಳೇದು ಅಂತಲೂ ಅಲ್ಲ. ಕಂಪನಿ 1 ಬಾರ್ ಹೇಳಿದ ಕಡೆ 2 ಬಾರ್‌ದು ಹಾಕಿದರೆ ಬಾಗಿಲು ತೆರೆಯೋ ಮೊದಲೇ ಮಡಿಕೆಗಳು ಒಂದಕ್ಕೊಂದು ಅಂಟಬಹುದು, ಹಾಳೆ ಹರಿಯಬಹುದು, ನಡುವಿನ ಕೊಳವೆ ಚಪ್ಪಟೆಯಾಗಬಹುದು. ಹರಿದ ಹಾಳೆ ಅಂದ್ರೆ ಯಾವಾಗಲೂ ತೆರೆದ ಬಾಗಿಲೇ. ಎಂಜಿನ್ ಮಾಡಿದವರು ತಮ್ಮ ಪಂಪ್‌ಗೆ ತಕ್ಕಂತೆ ಆರಿಸಿದ ಅಂಕಿ ಅದು. ಅದಕ್ಕೇ ಅಂಟಿಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ವಾಲ್ವ್ ಫಿಲ್ಟರ್ ಒಳಗಿರಲ್ಲ, ಫಿಲ್ಟರ್ ಕೂರುವ ತಲೆಯಲ್ಲೋ ಬ್ಲಾಕ್‌ನಲ್ಲೋ ಇರುತ್ತೆ. ಅಂಥ ಎಂಜಿನ್‌ನ ಫಿಲ್ಟರ್‌ನಲ್ಲಿ ವಾಲ್ವ್ ಇಲ್ಲದಿದ್ದರೂ ನಡೆಯುತ್ತೆ. ಅದೇ ಡಬ್ಬಿಯನ್ನು ‘ಥ್ರೆಡ್ ಕೂತಿತು’ ಅಂತ ವಾಲ್ವ್ ಇಲ್ಲದ ಎಂಜಿನ್‌ಗೆ ಹಾಕಿದರೆ ಎರಡೂ ಕಡೆ ಬಾಗಿಲೇ ಇಲ್ಲ. ಫಿಲ್ಟರ್ ಕಟ್ಟಿಕೊಂಡ ದಿನ ಬೇರಿಂಗ್‌ಗೆ ಆಯಿಲ್ ಕೊರತೆ ಶುರು.

ಅಳತೆ: ‘ಕೂತಿತು’ ಅಂದ್ರೆ ‘ಹೊಂದಿತು’ ಅಲ್ಲ

ಡಬ್ಬಿಯ ಬಾಯಿಯ ಥ್ರೆಡ್ ಮುಖ್ಯವಾಗಿ ಎರಡು ಥರ ಕಾಣಿಸುತ್ತೆ. ಮೊಬೈಲ್‌ನಲ್ಲಿ ಅವು ಹೀಗೆ ಬರೆದಿರುತ್ತವೆ: M20x1.5 ಮತ್ತು 3/4-16 UNF. ಮೊದಲನೆಯದು 20 ಮಿಲಿಮೀಟರ್, ಎರಡನೆಯದು 19.05 ಮಿಲಿಮೀಟರ್. ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. 3/4 ಸ್ಟಡ್ ಇರುವ ಎಂಜಿನ್‌ಗೆ M20 ಫಿಲ್ಟರ್ ಸುಲಭವಾಗಿ ಸುತ್ತಿಕೊಳ್ಳುತ್ತೆ, ರಬ್ಬರ್ ಒತ್ತಿದ ಮೇಲೆ ಬಿಗಿಯಾದಂತೆಯೂ ಅನ್ನಿಸುತ್ತೆ. ಆದ್ರೆ ಥ್ರೆಡ್‌ನ ತುದಿ ತುದಿ ಮಾತ್ರ ಹಿಡಿದಿರುತ್ತೆ.

ಅದರ ಮೇಲೆ ಬೀಳುವ ಬಲ ಎಷ್ಟು ಗೊತ್ತಾ? ರಬ್ಬರ್ ರಿಂಗ್ 65 ಮಿಲಿಮೀಟರ್ ಅಗಲ ಇದ್ದರೆ ಅದರೊಳಗಿನ ವಿಸ್ತೀರ್ಣ 33 ಚದರ ಸೆಂಟಿಮೀಟರ್. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆಯಿಲ್ ಪ್ರೆಶರ್ 5 ಬಾರ್ ಮುಟ್ಟೋದು ದೊಡ್ಡ ಮಾತಲ್ಲ. ಗುಣಿಸಿದರೆ ಸುಮಾರು 165 ಕಿಲೋ. ಮೂರು ಚೀಲಕ್ಕಿಂತ ಹೆಚ್ಚು ಸಕ್ಕರೆ ಆ ಡಬ್ಬಿಗೆ ಜೋತುಬಿದ್ದಂತೆ. ಸಡಿಲ ಥ್ರೆಡ್ ಅಲ್ಲಿ ಜಾರಿದರೆ ಕೆಲವೇ ಕ್ಷಣದಲ್ಲಿ ಆಯಿಲ್ಲೆಲ್ಲ ರಸ್ತೆ ಮೇಲೆ. ಫಿಲ್ಟರ್ ಕೈಯಲ್ಲಿ ಸುತ್ತುವಾಗ, ರಬ್ಬರ್ ತಾಗೋ ಮೊದಲೇ ಡಬ್ಬಿ ಅತ್ತಿತ್ತ ಲೊಡಲೊಡ ಅಲ್ಲಾಡಿದರೆ ಅದು ತಪ್ಪು ಥ್ರೆಡ್. ಅಲ್ಲೇ ನಿಲ್ಲಿಸಿ.

ಥ್ರೆಡ್ ಆದ ಮೇಲೆ ರಬ್ಬರ್ ರಿಂಗ್‌ನ ಅಗಲ. ಅದು ಎಂಜಿನ್ ಕಡೆಯ ನಯವಾದ ಪಟ್ಟಿಯ ಮೇಲೆ ಪೂರ್ತಿ ಕೂರಬೇಕು, ಅಂಚಿಗೆ ಜಾರಬಾರದು. ಹಳೇ ರಬ್ಬರ್ ಎಂಜಿನ್‌ಗೇ ಅಂಟಿ ಉಳಿದಿದೆಯೇ ಅಂತ ಬೆರಳಾಡಿಸಿ ನೋಡಿ. ರಬ್ಬರ್ ಮೇಲೆ ರಬ್ಬರ್ ಕೂತರೆ ಸೋರೋದು ಖಂಡಿತ.

ಮೂರನೆಯದು ಉದ್ದ. ಎಲ್ಲಾ ಅಳತೆ ಅದೇ ಇದ್ದು ಡಬ್ಬಿ ಮಾತ್ರ ಉದ್ದ ಇದ್ದರೆ ಒಳಗಿನ ಹಾಳೆಯೂ ಜಾಸ್ತಿ. ಹಾಳೆಯ ವಿಸ್ತೀರ್ಣ ದುಪ್ಪಟ್ಟಾದರೆ ಅಡ್ಡಿ ಅರ್ಧ. ಮೇಲಿನ ಲೆಕ್ಕದಲ್ಲಿ 1 ಬಾರ್ ಬಂದದ್ದು ಅರ್ಧ ಬಾರ್‌ಗೆ ಇಳಿಯುತ್ತೆ, ಬಾಗಿಲು ತೆರೆಯೋದೂ ಕಡಿಮೆ. ಅಂದ್ರೆ ಕಾಗದದ ಉದ್ದ ಫಿಲ್ಟರ್ ಕೂಡ ಸಿಂಥೆಟಿಕ್‌ನ ಅರ್ಧ ಲಾಭ ಕೊಟ್ಟುಬಿಡುತ್ತೆ. ಆದ್ರೆ ವಾಲ್ವ್‌ನ ಅಂಕಿ ಕಂಪನಿ ಹೇಳಿದ್ದೇ ಇರಬೇಕು. ಡಬ್ಬಿ ಕೆಳಗೆ ಜೋತು ಕಬ್ಬಿನ ಕೂಳೆಗೋ ಕಲ್ಲಿಗೋ ತಾಗುವಂತಿರಬಾರದು. ಒಳಗೆ ಹೆಚ್ಚು ಹಿಡಿಯುವಷ್ಟು ಆಯಿಲನ್ನು ಡಿಪ್‌ಸ್ಟಿಕ್ ನೋಡಿ ತುಂಬಬೇಕು. ಬಾಹ್ಯ ಅಳತೆ ದೊಡ್ಡದಿದ್ದ ಮಾತ್ರಕ್ಕೆ ಒಳಗೆ ಹಾಳೆ ಜಾಸ್ತಿ ಅಂತಲೂ ನಂಬಬೇಡಿ. ಅಗ್ಗದ ಡಬ್ಬಿಗಳಲ್ಲಿ ಮಡಿಕೆಗಳು ವಿರಳವಾಗಿರುತ್ತವೆ.

ಫಿಲ್ಟರ್ ಅಡ್ಡಡ್ಡ ಅಥವಾ ತಲೆಕೆಳಗಾಗಿ ಕೂರುವ ಎಂಜಿನ್‌ನಲ್ಲಿ ಇನ್ನೊಂದು ರಬ್ಬರ್ ಪೊರೆ ಬೇಕು. ಎಂಜಿನ್ ನಿಂತಾಗ ಡಬ್ಬಿಯ ಆಯಿಲ್ ವಾಪಸ್ ಇಳಿದುಹೋಗದಂತೆ ಅದು ತಡೆಯುತ್ತೆ. ಅದಿಲ್ಲದಿದ್ದರೆ ಅಥವಾ ಗಟ್ಟಿಯಾಗಿದ್ದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಆರೋದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತೆ.

ಹಾಗಾದ್ರೆ ಸಿಂಥೆಟಿಕ್ ಯಾರಿಗೆ?

ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಆಯಿಲ್ ಬದಲಿಸುವ ಅವಧಿ ಸುಮಾರು 250 ಗಂಟೆ. ಕೆಲವು ಮಾದರಿಗಳಲ್ಲಿ ಇನ್ನೂ ಹೆಚ್ಚು. ನಿಮ್ಮ ಪುಸ್ತಕದಲ್ಲಿ ಬರೆದದ್ದೇ ಅಂತಿಮ. ಅಷ್ಟರೊಳಗೆ ಒಳ್ಳೇ ಕಾಗದದ ಫಿಲ್ಟರ್ ಸಾಮಾನ್ಯವಾಗಿ ತುಂಬಿಹೋಗಲ್ಲ. ಹೊತ್ತಿಗೆ ಸರಿಯಾಗಿ ಬದಲಿಸುವ ಮನೆಯಲ್ಲಿ ಸಿಂಥೆಟಿಕ್‌ನಿಂದ ಸಿಗುವ ಹೆಚ್ಚಿನ ಲಾಭ ಕಡಿಮೆ. ಆ ದುಡ್ಡಲ್ಲಿ ಏರ್ ಫಿಲ್ಟರ್ ನೋಡಿಕೊಳ್ಳೋದು ಮೇಲು, ಯಾಕಂದ್ರೆ ಆಯಿಲ್‌ನಲ್ಲಿ ಸಿಗುವ ಮಣ್ಣಿನ ಕಣ ಬಹುಪಾಲು ಬರೋದೇ ಆ ದಾರಿಯಿಂದ.

ಸರದಿಯಲ್ಲಿ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ನಿಲ್ಲುವ ಗಾಡಿಗಳ ಕಥೆ ಸ್ವಲ್ಪ ಬೇರೆ. ಹಳೇ ಟ್ರ್ಯಾಕ್ಟರ್‌ಗಳ ಗಂಟೆ ಮೀಟರ್ ಎಂಜಿನ್ ಸುತ್ತಿಗೆ ತಕ್ಕಂತೆ ಓಡುತ್ತೆ. ಐಡ್ಲಿಂಗ್‌ನಲ್ಲಿ ಗಡಿಯಾರದ ಮೂರು ಗಂಟೆ ಕಳೆದರೂ ಮೀಟರ್‌ನಲ್ಲಿ ಏರೋದು ಸುಮಾರು ಒಂದೇ ಗಂಟೆ. ಜೊತೆಗೆ ಐಡ್ಲಿಂಗ್‌ನಲ್ಲಿ ಆಯಿಲ್ ಪೂರ್ತಿ ಬಿಸಿಯಾಗದೆ ನೀರಿನ ತೇವ ಉಳಿದುಬಿಡುತ್ತೆ. ತೇವ ಕುಡಿದ ಮರದ ನಾರು ಉಬ್ಬುತ್ತೆ, ಮೆತ್ತಗಾಗುತ್ತೆ. ಗಾಜಿನ ಎಳೆಗೆ ಆ ಚಿಂತೆ ಇಲ್ಲ. ಹಂಗಾಮಿನಲ್ಲಿ ಹೀಗೆ ದುಡಿಯುವ ಗಾಡಿಗೆ ಸಿಂಥೆಟಿಕ್ ಹಾಕಿದರೆ ಅರ್ಥವಿದೆ. ಅಥವಾ ಕಾಗದದ್ದನ್ನೇ ಮೀಟರ್ ಹೇಳೋದಕ್ಕಿಂತ ಸ್ವಲ್ಪ ಮೊದಲೇ ಬದಲಿಸಿದರೂ ಆಯ್ತು.

ಇನ್ನು ನಿಪ್ಪಾಣಿ ದಾಟಿ 48ನೇ ಹೆದ್ದಾರಿಯಲ್ಲಿ ಪುಣೆಗೆ ಓಡಾಡುವ ನಿಮ್ಮ ಕಾರು. ಕಂಪನಿಯೇ ಸಿಂಥೆಟಿಕ್ ಆಯಿಲ್ ಹೇಳಿ 10,000 ಕಿಲೋಮೀಟರ್ ಅವಧಿ ಕೊಟ್ಟಿದ್ದರೆ ಸಿಂಥೆಟಿಕ್ ಅಥವಾ ಬೆರಕೆ ಹಾಳೆ ಆ ದೀರ್ಘ ಅವಧಿಗೆ ಸರಿಹೋಗುತ್ತೆ. ಆದ್ರೆ ಸಿಂಥೆಟಿಕ್ ಫಿಲ್ಟರ್ ಹಾಕಿದೆ ಅಂತ ಆಯಿಲ್ ಅವಧಿಯನ್ನು ನೀವೇ ಎಳೆಯಬೇಡಿ. ಆಯಿಲ್‌ನಲ್ಲಿ ಬೆರೆಸಿದ ರಾಸಾಯನಿಕಗಳು ಖರ್ಚಾಗುತ್ತಾ ಹೋಗುತ್ತವೆ, ಅವನ್ನು ಯಾವ ಫಿಲ್ಟರೂ ವಾಪಸ್ ತುಂಬಲ್ಲ.

ಹಳೇ ಫಿಲ್ಟರ್ ಹೇಳುವ ಸತ್ಯ

ಬಿಚ್ಚಿದ ಫಿಲ್ಟರನ್ನು ಮೂಲೆಗೆ ಎಸೆಯೋ ಮೊದಲು ಮಿಸ್ತ್ರಿಗೆ ಹೇಳಿ ಕತ್ತರಿಸಿ ನೋಡಿ. ಗರಗಸದಿಂದ ಕೊಯ್ದರೆ ಅದರದೇ ಲೋಹದ ಪುಡಿ ಒಳಗೆ ಬೀಳುತ್ತೆ, ಹಾಗಾಗಿ ಫಿಲ್ಟರ್ ಕಟರ್ ಇದ್ದರೆ ಒಳ್ಳೇದು. ಮಡಿಕೆಗಳು ನೇರವಾಗಿ ನಿಂತು ಸಮನಾಗಿ ಕಪ್ಪಾಗಿದ್ದರೆ ಎಲ್ಲಾ ಸರಿ ಇದೆ. ಮಡಿಕೆಗಳು ಅಲೆಯಂತೆ ಬಾಗಿ ಗುಂಪುಗೂಡಿದ್ದರೆ ಅಥವಾ ಕೊಳವೆ ತಗ್ಗಿದ್ದರೆ ಹಾಳೆಯ ಮೇಲೆ ಅತಿ ಒತ್ತಡ ಬಿದ್ದಿದೆ. ಫಿಲ್ಟರ್ ಕಟ್ಟಿತ್ತು, ಇಲ್ಲವೇ ವಾಲ್ವ್ ತೆರೆಯಲಿಲ್ಲ. ಮಡಿಕೆಯ ನಡುವೆ ಹೊಳೆಯುವ ಪುಡಿ ಕಂಡರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ. ಅಂಟದೆ ಹೊಳೆದರೆ ಬೇರಿಂಗ್‌ನ ಲೋಹವೋ ಪಿಸ್ಟನ್‌ನ ಅಲ್ಯೂಮಿನಿಯಮ್ಮೋ ಇರಬಹುದು. ಆಗ ಫಿಲ್ಟರ್ ಬದಲಿಸಿ ಸುಮ್ಮನಾಗದೆ ಎಂಜಿನ್ ತೋರಿಸಿ.

ಆರ್ಡರ್ ಒತ್ತೋ ಮೊದಲು

ಅಪ್ಪನಿಗೋ ಕಾಕಾನಿಗೋ ವಾಟ್ಸಾಪ್‌ನಲ್ಲಿ ಹೀಗೆ ಕೇಳಿ: ‘ಹಳೇ ಫಿಲ್ಟರ್ ಮ್ಯಾಗಿನ ನಂಬರ್ ಫೋಟೋ ಕಳಸ್ರಿ, ಬಾಯಿ ಕಡೀದೂ ಒಂದು ಫೋಟೋ ಕಳಸ್ರಿ. ಟ್ರ್ಯಾಕ್ಟರ್ ಪುಸ್ತಕದಾಗ ಫಿಲ್ಟರ್ ನಂಬರ್ ಏನೈತಿ ನೋಡ್ರಿ.’ ಹಳೇ ಡಬ್ಬಿಯೇ ತಪ್ಪಾಗಿ ಹಾಕಿದ್ದಿರಬಹುದು. ಅದಕ್ಕೇ ಪುಸ್ತಕದ ನಂಬರ್ ಕೂಡ ಬೇಕು.

ಆ ನಂಬರನ್ನು ಫಿಲ್ಟರ್ ಕಂಪನಿಯ ಕ್ಯಾಟಲಾಗ್‌ನಲ್ಲಿ ಹಾಕಿದರೆ ದೊಡ್ಡ ಕಂಪನಿಗಳು ಥ್ರೆಡ್, ರಬ್ಬರ್ ರಿಂಗ್‌ನ ಅಗಲ, ಡಬ್ಬಿಯ ಎತ್ತರ, ಬೈಪಾಸ್ ತೆರೆಯುವ ಒತ್ತಡ ಎಲ್ಲವನ್ನೂ ತೋರಿಸುತ್ತವೆ. ಒತ್ತಡ bar ಬದಲು psi ಅಂತಿದ್ದರೆ 14.5ರಿಂದ ಭಾಗಿಸಿ. 8 psi ಅಂದ್ರೆ 0.55 ಬಾರ್. ನೀವು ಕೊಳ್ಳಲಿರುವ ಫಿಲ್ಟರ್‌ನಲ್ಲೂ ಈ ನಾಲ್ಕು ಅಂಕಿ ಸಿಗಬೇಕು, ತಾಳೆಯಾಗಬೇಕು. ಮಾರುವವರು ಬೈಪಾಸ್ ಅಂಕಿಯನ್ನೇ ಕೊಟ್ಟಿಲ್ಲದಿದ್ದರೆ ಆ ಡಬ್ಬಿ ಬಿಟ್ಟುಬಿಡಿ. ಕಾಗದವೋ ಸಿಂಥೆಟಿಕ್ಕೋ ಅನ್ನೋದು ಐದನೇ ಪ್ರಶ್ನೆ.

ಹಾಕುವಾಗ ರಬ್ಬರ್‌ಗೆ ಹೊಸ ಆಯಿಲ್ ಸವರಿ ಕೈಯಲ್ಲೇ ಸುತ್ತಬೇಕು. ರಬ್ಬರ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು, ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದರಂತೆ. ಪಾನಾ ಹಾಕಿ ಜಗ್ಗಬಾರದು. ಚಳಿಗಾಲದಲ್ಲಿ ಸ್ಟಾರ್ಟ್ ಮಾಡಿದ ಮೇಲೆ ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ಮೊದಲ ಒಂದಷ್ಟು ದೂರ ಕಡಿಮೆ ರೇಸ್‌ನಲ್ಲಿ ನಡೆಸಲಿ. ಆಯಿಲ್ ಬಿಸಿಯಾದಷ್ಟೂ ಬೈಪಾಸ್ ಬಾಗಿಲು ಮುಚ್ಚಿಕೊಳ್ಳುತ್ತೆ, ಆಮೇಲೆ ಕಬ್ಬು ಎಳೆಯೋದು ಇದ್ದೇ ಇದೆ.